ಮೊದಲು ತೂಗಿ, ಆಮೇಲೆ ಸುರಿಯಿರಿ

ಸಾಂದ್ರತೆಯ ಪಾಠಕ್ಕೆ ಜೇನುತುಪ್ಪ, ನೀರು, ಎಣ್ಣೆಗಳನ್ನು ಒಂದರ ಮೇಲೊಂದು ಸುರಿದು ತೋರಿಸುವುದು ವಾಡಿಕೆ. ನೋಡಲು ಚೆನ್ನ, ಆದರೆ ಮಕ್ಕಳು ಅದರಿಂದ ತಪ್ಪು ಕಾರಣವನ್ನೇ ಹಿಡಿದುಕೊಳ್ಳಬಹುದು: ಜೇನು ಮಂದವಾಗಿದೆ, ಅದಕ್ಕೇ ತಳ ಸೇರಿತು ಎಂದು. ಈ ಊಹೆಯನ್ನು ಅಲ್ಲೇ ಒರೆಗೆ ಹಚ್ಚಲು ಸ್ವಲ್ಪ ಹರಳೆಣ್ಣೆ ಸಾಕು. ನೀರಿಗಿಂತ ನೂರಾರು ಪಟ್ಟು ಮಂದವಾಗಿದ್ದರೂ ಅದು ನೀರಿನ ಮೇಲೆ ತೇಲುತ್ತದೆ, ಏಕೆಂದರೆ 100 ಮಿಲಿಲೀಟರ್ ನೀರು 100 ಗ್ರಾಂ ತೂಗಿದರೆ ಅಷ್ಟೇ ಹರಳೆಣ್ಣೆ ತೂಗುವುದು ಸುಮಾರು 96 ಗ್ರಾಂ. ಆದ್ದರಿಂದ ಪಾಠ ಶುರುವಾಗಬೇಕಾದದ್ದು ಸುರಿಯುವುದರಿಂದಲ್ಲ, ತಕ್ಕಡಿಯಿಂದ.

ಇದಕ್ಕೆ ಸಕ್ಕರೆ ನೀರೇ ಎಲ್ಲಕ್ಕಿಂತ ಒಳ್ಳೆಯದು. ಮೂರು ಪಾತ್ರೆಗಳಲ್ಲಿ 100 ಮಿಲಿಲೀಟರ್ ನೀರು ತೆಗೆದುಕೊಂಡು ಒಂದಕ್ಕೆ 50 ಗ್ರಾಂ, ಇನ್ನೊಂದಕ್ಕೆ 25 ಗ್ರಾಂ ಸಕ್ಕರೆ ಕರಗಿಸಿ. ಮೂರನೆಯದನ್ನು ಹಾಗೇ ಬಿಡಿ. ಬಿಸಿ ಮಾಡಿದ್ದರೆ ಪೂರ್ತಿ ಆರಲಿ. ಕ್ರಮವಾಗಿ ಕೆಂಪು, ಹಳದಿ, ನೀಲಿ ಬಣ್ಣ ಎರಡೆರಡೇ ಹನಿ ಹಾಕಿ. ಸಕ್ಕರೆ ಕರಗಿದಾಗ ದ್ರವದ ಗಾತ್ರವೂ ಹೆಚ್ಚುವುದರಿಂದ, ತೂಗುವ ಮುನ್ನ ಪ್ರತಿಯೊಂದರಿಂದಲೂ 100 ಮಿಲಿಲೀಟರನ್ನು ಮತ್ತೆ ಅಳೆಯಬೇಕು. ಈ ಹೆಜ್ಜೆ ತಪ್ಪಿದರೆ ಹೋಲಿಕೆಗೆ ಅರ್ಥವೇ ಉಳಿಯದು. ಖಾಲಿ ಲೋಟದ ತೂಕ ಕಳೆದರೆ ಕೆಂಪು ಸುಮಾರು 114, ಹಳದಿ 108, ನೀಲಿ 100 ಗ್ರಾಂ ಬರುತ್ತದೆ. ಯಾವುದು ಎಲ್ಲಿ ನಿಲ್ಲುತ್ತದೆ ಎಂದು ಮಕ್ಕಳು ಈಗಲೇ ಬರೆದಿಡಲಿ. ಬಳಿಕ ಕಿರಿದಾದ ಗಾಜಿನ ಲೋಟದ ತಳಕ್ಕೆ ಕೆಂಪನ್ನು ಹಾಕಿ, ಚಮಚದ ಬೆನ್ನನ್ನು ಗಾಜಿಗೆ ತಾಗಿಸಿ ಹಿಡಿದು, ಹಳದಿಯನ್ನೂ ನೀಲಿಯನ್ನೂ ಎಳೆಯಾಗಿ ಇಳಿಬಿಡಿ. ಗಡಿಯಲ್ಲಿ ಕಿತ್ತಳೆ ಅಥವಾ ಹಸಿರು ದಪ್ಪ ಪಟ್ಟಿಯಾಗಿ ಕಂಡರೆ ಸುರಿದದ್ದು ಜೋರಾಯಿತು ಎಂದರ್ಥ.

ಮೊದಲು ಹಾಕಿದ್ದೇ ಕೆಳಗೆ ಉಳಿದಿದೆ, ಇದರಲ್ಲೇನು ವಿಶೇಷ ಎಂದು ಒಬ್ಬ ಹುಡುಗಿ ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಉತ್ತರಕ್ಕೆ ಇನ್ನೊಂದು ಲೋಟದಲ್ಲಿ ನೀಲಿಯನ್ನೇ ಮೊದಲು ಹಾಕಿ, ಸೂಜಿಯಿಲ್ಲದ ಸಿರಿಂಜಿನಿಂದ ಕೆಂಪನ್ನು ನಿಧಾನವಾಗಿ ತಳದಲ್ಲಿ ಬಿಡಿ. ಆಮೇಲೆ ಬಂದ ಕೆಂಪು ಕೆಳಗೇ ಹರಡಿಕೊಂಡು ನೀಲಿಯನ್ನು ಮೇಲೆತ್ತುತ್ತದೆ. ನೀಲಿಯನ್ನು ಕೆಂಪಿನ ತಳದಲ್ಲಿ ಬಿಟ್ಟರೆ ಅದು ಅಲ್ಲಿ ನಿಲ್ಲದೆ ಮೇಲೇರುತ್ತದೆ.

ಸಕ್ಕರೆ ನೀರು ಕೊನೆಗೆ ಬೆರೆತೇ ಹೋಗುತ್ತದೆ, ಎಣ್ಣೆಯಾದರೆ ಹಾಗಲ್ಲ ಎಂಬ ಆಕ್ಷೇಪವೂ ಸರಿಯೇ. ಆದರೆ ಅಲ್ಲಿ ಕೆಲಸ ಮಾಡುವುದು ಎರಡು ಬೇರೆ ಬೇರೆ ಸಂಗತಿಗಳು. ಯಾವುದು ಮೇಲೆ, ಯಾವುದು ಕೆಳಗೆ ಎಂಬುದನ್ನು ನಿರ್ಧರಿಸುವುದು ಸಾಂದ್ರತೆ; ಎಣ್ಣೆ ಮತ್ತು ನೀರು ಬೇರೆಯಾಗಿಯೇ ಉಳಿಯುವುದು ಅವು ಒಂದರಲ್ಲೊಂದು ಕರಗದ ಕಾರಣ. ಎಣ್ಣೆ-ನೀರಿನ ಲೋಟವನ್ನೂ ಸಕ್ಕರೆ ನೀರಿನ ಲೋಟವನ್ನೂ ಕಲಕಿ ನೋಡಿ: ಎಣ್ಣೆ ಮತ್ತೆ ಮೇಲೆ ಬಂದು ಸೇರುತ್ತದೆ, ಸಕ್ಕರೆ ನೀರಿನ ಪದರಗಳು ಎಷ್ಟು ಕಾದರೂ ಮರಳುವುದಿಲ್ಲ. ಕಲಕದೆ ಇಟ್ಟರೂ ಸಕ್ಕರೆಯ ಅಣುಗಳು ಗಡಿ ದಾಟುತ್ತಲೇ ಇರುತ್ತವೆ, ಆದರೆ ಒಂದು ಗಂಟೆಯಲ್ಲಿ ಕೆಲವೇ ಮಿಲಿಮೀಟರು. ತರಗತಿ ಮುಗಿಯುವವರೆಗೆ ಪದರಗಳು ನಿಲ್ಲುವುದು ಅದರಿಂದಲೇ.