ಡೌನ್‌ಲೋಡ್ ಆದ ಆಪ್‌ಗೆ ಮ್ಯಾಕ್ ಅಂಟಿಸುವ ಗುರುತು

ಲಿಬ್ರೆವುಲ್ಫ್ ಎಂಬ ಉಚಿತ ಬ್ರೌಸರನ್ನು ಅದರದೇ ಜಾಲತಾಣದಿಂದ ಇಳಿಸಿಕೊಂಡ ಮ್ಯಾಕ್ ಬಳಕೆದಾರರು ಎರಡು ಸಲ ಕ್ಲಿಕ್ ಮಾಡುತ್ತಿದ್ದಂತೆ ಗಾಬರಿಯಾಗುವಂಥ ಸಂದೇಶವೊಂದು ಕಾಣಿಸುತ್ತಿತ್ತು. ಆಪ್ ಹಾಳಾಗಿದೆ, ತೆರೆಯಲಾಗದು, ಕಸದ ಬುಟ್ಟಿಗೆ ಹಾಕಿ ಎಂಬುದು ಅದರ ಸಾರ. ಡೌನ್‌ಲೋಡ್ ಅರ್ಧಕ್ಕೆ ನಿಂತಿತೇನೋ ಎಂದುಕೊಂಡು ಮತ್ತೆ ಇಳಿಸಿಕೊಂಡರೂ ಅದೇ ಸಂದೇಶ.

ಫೈಲ್‌ನಲ್ಲಿ ದೋಷವೇನೂ ಇರಲಿಲ್ಲ. ಲಿಬ್ರೆವುಲ್ಫ್ ತಯಾರಿಸುವ ಬಳಗ ಆಪಲ್‌ನ ಡೆವಲಪರ್ ಸದಸ್ಯತ್ವಕ್ಕೆ ಹಣ ಕಟ್ಟಿರಲಿಲ್ಲ. ಹಣ ಕೊಟ್ಟವರಿಗಷ್ಟೇ ಸಿಗುವ ಈ ಮುದ್ರೆ ತಮಗೆ ಬೇಡವೆಂದು ತಮ್ಮ ಪ್ರಶ್ನೋತ್ತರ ಪುಟದಲ್ಲೇ ಅವರು ಬರೆದುಕೊಂಡಿದ್ದರು. ಆಪಲ್‌ನದೇ ಚಿಪ್ ಇರುವ ಮ್ಯಾಕ್‌ಗಳಲ್ಲಿ ಇಂಥ ಆಪ್‌ಗೆ ‘ಹಾಳಾಗಿದೆ’ ಎಂಬ ಹಣೆಪಟ್ಟಿ ಸಿಗುತ್ತದೆ. ಬೇರೆ ಸಂದರ್ಭಗಳಲ್ಲಿ ಇದೇ ತಡೆ ‘ಗುರುತಿಲ್ಲದ ಡೆವಲಪರ್’ ಎಂದೋ, ‘ಇದರಲ್ಲಿ ದುಷ್ಟ ತಂತ್ರಾಂಶ ಇಲ್ಲವೆಂದು ಆಪಲ್‌ಗೆ ಖಚಿತಪಡಿಸಿಕೊಳ್ಳಲು ಆಗಲಿಲ್ಲ’ ಎಂದೋ ಹೇಳುತ್ತದೆ. ಬಳಕೆದಾರರನ್ನು ಹೆಚ್ಚು ದಾರಿ ತಪ್ಪಿಸುವುದು ಮೊದಲನೆಯ ಮಾತೇ. ಆಪ್ ನಿಜಕ್ಕೂ ಕೆಟ್ಟಿದೆಯೋ, ಬರೀ ಮುದ್ರೆಯಿಲ್ಲವೋ ಎಂಬುದು ಅದರಿಂದ ತಿಳಿಯುವುದೇ ಇಲ್ಲ.

ಇನ್ನೊಂದು ವಿಚಿತ್ರವೂ ಇದೆ. ಅದೇ ಆಪನ್ನು ಬೇರೊಂದು ದಾರಿಯಿಂದ ಮ್ಯಾಕ್‌ಗೆ ತಂದರೆ ಈ ಸಂದೇಶ ಬಾರದೆಯೇ ಹೋಗಬಹುದು. ಫೈಲ್ ಅದೇ, ಕಂಪ್ಯೂಟರ್ ಅದೇ, ಬಂದ ದಾರಿಯಷ್ಟೇ ಬೇರೆ. ಹೀಗೇಕೆ ಎಂದು ತಿಳಿಯಬೇಕಾದರೆ ಫೈಲ್‌ನ ಜೊತೆ ಅಂಟಿಕೊಂಡು ಬರುವ ಸಣ್ಣದೊಂದು ಸಾಲನ್ನು ಓದಬೇಕು.

ಮ್ಯಾಕ್‌ನಲ್ಲಿ ಪ್ರತಿ ಫೈಲ್‌ಗೂ ಅದರ ಒಳಗಿನ ವಿಷಯದಿಂದ ಪ್ರತ್ಯೇಕವಾಗಿ ಕೆಲವು ಟಿಪ್ಪಣಿಗಳನ್ನು ಅಂಟಿಸಿಡುವ ಅನುಕೂಲವಿದೆ. 2007ರಲ್ಲಿ ಬಂದ ಲೆಪರ್ಡ್ ಆವೃತ್ತಿಯಲ್ಲಿ ಆಪಲ್ ಈ ಅನುಕೂಲವನ್ನು ಬಳಸಿಕೊಂಡು ಕ್ವಾರಂಟೈನ್ ಗುರುತನ್ನು ಜಾರಿಗೆ ತಂದಿತು. ಸಫಾರಿ, ಕ್ರೋಮ್, ಫೈರ್‌ಫಾಕ್ಸ್, ಮೇಲ್ ಮೊದಲಾದವು ಅಂತರ್ಜಾಲದಿಂದ ಫೈಲ್ ಇಳಿಸಿದ ಕೂಡಲೇ ಅದರ ಮೇಲೆ ಈ ಗುರುತು ಬೀಳುತ್ತದೆ. ಏರ್‌ಡ್ರಾಪ್‌ನಲ್ಲಿ ಬಂದ ಫೈಲ್‌ಗೂ ಬೀಳುತ್ತದೆ. ಟರ್ಮಿನಲ್ ತೆರೆದು ಒಂದು ಸಾಲು ಬರೆದರೆ ಅದನ್ನು ಕಣ್ಣಾರೆ ನೋಡಬಹುದು. ಫೈಲ್‌ನ ಹೆಸರು LibreWolf.dmg ಎಂದುಕೊಂಡರೆ ಆದೇಶ ಮತ್ತು ಉತ್ತರ ಹೀಗಿರುತ್ತವೆ:

```
xattr -p com.apple.quarantine ~/Downloads/LibreWolf.dmg
0083;678747d8;Safari;3F2A9C51-7B0E-4D86-A1C4-92E5D0B7F618
```

ಅರ್ಧವಿರಾಮಗಳ ನಡುವೆ ನಾಲ್ಕು ಸಂಗತಿಗಳಿವೆ. ಮೂರನೆಯದು ಎಲ್ಲರಿಗೂ ತಿಳಿಯುವಂಥದ್ದು, ಫೈಲನ್ನು ತಂದದ್ದು ಸಫಾರಿ. ಎರಡನೆಯದು ಹೊತ್ತು. 1970ರ ಜನವರಿ 1ರಿಂದ ಎಷ್ಟು ಸೆಕೆಂಡು ಕಳೆದಿವೆ ಎಂಬುದನ್ನು ಹದಿನಾರರ ಮೂಲದಲ್ಲಿ ಬರೆಯಲಾಗಿದೆ. 678747d8 ಎಂಬುದನ್ನು ನಮ್ಮ ದಶಮಾನಕ್ಕೆ ತಂದರೆ 1736919000 ಆಗುತ್ತದೆ, ಅಂದರೆ ಭಾರತೀಯ ಕಾಲಮಾನದಲ್ಲಿ 2025ರ ಜನವರಿ 15, ಬೆಳಿಗ್ಗೆ 11 ಗಂಟೆ. ಸರಿಯಾಗಿ ಮುದ್ರೆಯಿರುವ ಆಪನ್ನು ಮೊದಲ ಸಲ ತೆರೆದಾಗಲೂ ‘ಇದನ್ನು ಸಫಾರಿ ಇಂಥ ಹೊತ್ತಿಗೆ ಡೌನ್‌ಲೋಡ್ ಮಾಡಿದೆ, ತೆರೆಯಲೇ’ ಎಂದು ಮ್ಯಾಕ್ ಕೇಳುತ್ತದಲ್ಲ, ಅದರ ಮಾಹಿತಿ ಬರುವುದು ಇಲ್ಲಿಂದಲೇ. ಕೊನೆಯ ಉದ್ದದ ಸಂಖ್ಯೆ ಮ್ಯಾಕ್ ತನ್ನಲ್ಲೇ ಇಟ್ಟುಕೊಳ್ಳುವ ಡೌನ್‌ಲೋಡ್ ದಾಖಲೆಯ ಒಂದು ನಮೂದನ್ನು ತೋರಿಸುತ್ತದೆ. ಫೈಲ್ ಯಾವ ವಿಳಾಸದಿಂದ ಬಂತೆಂಬುದು ಹಲವು ಸಲ ಅಲ್ಲಿ ಸಿಗುತ್ತದೆ.

ಇನ್ನು ಮೊದಲಿನ ನಾಲ್ಕು ಅಂಕಿಗಳು. ಈ ಫೈಲ್‌ನ ವಿಚಾರಣೆ ಯಾವ ಹಂತದಲ್ಲಿದೆ ಎಂದು ಹೇಳುವುದು ಇವೇ. ಬಳಕೆದಾರ ಒಮ್ಮೆ ಒಪ್ಪಿ ಆಪ್ ತೆರೆದರೆ ಅದರ ಮೇಲಿನ ಗುರುತು ಅಳಿಸಿಹೋಗುವುದಿಲ್ಲ, ಒಂದು ಅಂಶವಷ್ಟೇ ಬದಲಾಗುತ್ತದೆ. 0083 ಇದ್ದದ್ದು 00c3 ಆಗುತ್ತದೆ. ಮಾಲೀಕರು ಒಪ್ಪಿದ್ದಾರೆ ಎಂಬುದಕ್ಕೆ ಅದೇ ಸಾಕ್ಷಿ, ಹಾಗಾಗಿ ಎರಡನೇ ಸಲ ಅದೇ ಪ್ರಶ್ನೆ ಬರುವುದಿಲ್ಲ. ಡಿಎಂಜಿ ಅಥವಾ ಜಿಪ್ ಫೈಲ್ ಮೇಲಿನ ಗುರುತು ಅದರೊಳಗಿಂದ ಹೊರತೆಗೆದ ಆಪ್‌ಗೂ ದಾಟುತ್ತದೆ. ಆದ್ದರಿಂದಲೇ ಆಪನ್ನು ಅಪ್ಲಿಕೇಶನ್ಸ್ ಫೋಲ್ಡರ್‌ಗೆ ಎಳೆದು ಹಾಕಿದ ಮೇಲೂ ತಡೆ ತಪ್ಪುವುದಿಲ್ಲ.

ಆದರೆ ಗುರುತು ತಾನಾಗಿ ಯಾರನ್ನೂ ತಡೆಯುವುದಿಲ್ಲ. ತಡೆಯುವ ಕೆಲಸ ಗೇಟ್‌ಕೀಪರ್‌ನದು. 2012ರ ಮೌಂಟನ್ ಲಯನ್ ಆವೃತ್ತಿಯೊಂದಿಗೆ ಬಳಕೆಗೆ ಬಂದ ಈ ವ್ಯವಸ್ಥೆ, ಗುರುತಿರುವ ಆಪ್ ತೆರೆಯಲು ಹೊರಟಾಗ ಮುಖ್ಯವಾಗಿ ಎರಡು ವಿಷಯ ನೋಡುತ್ತದೆ. ವರ್ಷಕ್ಕೆ 99 ಡಾಲರ್ ಕಟ್ಟಿದ ಡೆವಲಪರ್‌ಗೆ ಆಪಲ್ ಕೊಡುವ ಪ್ರಮಾಣಪತ್ರದಿಂದ ಆಪ್‌ಗೆ ಸಹಿ ಬಿದ್ದಿದೆಯೇ ಎಂಬುದು ಒಂದು. ಆ ಆಪನ್ನು ಆಪಲ್‌ಗೆ ಕಳಿಸಿ, ಅಲ್ಲಿನ ಯಂತ್ರಗಳ ತಪಾಸಣೆ ಮುಗಿಸಿ ನೋಟರೈಸ್ ಮಾಡಿಸಲಾಗಿದೆಯೇ ಎಂಬುದು ಇನ್ನೊಂದು. ನೋಟರೈಸ್ ಪದ್ಧತಿ 2018ರಲ್ಲಿ ಶುರುವಾಯಿತು, ಕ್ಯಾಟಲಿನಾ ಆವೃತ್ತಿಯಿಂದ ಹೊಸ ಆಪ್‌ಗಳಿಗೆ ಕಡ್ಡಾಯವಾಯಿತು. ಎರಡೂ ಇದ್ದರೆ ದಾರಿ ತೆರೆಯುತ್ತದೆ. ಲಿಬ್ರೆವುಲ್ಫ್ ಬಳಿ ಇವೆರಡೂ ಇರಲಿಲ್ಲ.

ಸಹಿ, ತಪಾಸಣೆ ಇದ್ದ ಮಾತ್ರಕ್ಕೆ ಆಪ್ ಒಳ್ಳೆಯದೆಂದೂ ಅರ್ಥವಲ್ಲ. 2016ರ ಮಾರ್ಚ್‌ನಲ್ಲಿ ಟ್ರಾನ್ಸ್‌ಮಿಷನ್ ಎಂಬ ಹೆಸರಾಂತ ಆಪ್‌ನ ಜಾಲತಾಣಕ್ಕೆ ನುಗ್ಗಿದ ದುಷ್ಕರ್ಮಿಗಳು ಅದರ 2.90 ಆವೃತ್ತಿಯ ಜಾಗದಲ್ಲಿ ವಿಷ ಬೆರೆತ ಪ್ರತಿಯನ್ನಿಟ್ಟರು. ಅದಕ್ಕೆ ಟರ್ಕಿಯ ಕಂಪನಿಯೊಂದರ ಹೆಸರಿನ ನೈಜ ಪ್ರಮಾಣಪತ್ರದ ಸಹಿಯಿತ್ತು, ಗೇಟ್‌ಕೀಪರ್ ಒಳಗೆ ಬಿಟ್ಟಿತು. ಒಳಗೆ ಅಡಗಿದ್ದ ಕೀರೇಂಜರ್ ಮೂರು ದಿನ ಸುಮ್ಮನಿದ್ದು, ಆಮೇಲೆ ಬಳಕೆದಾರರ ಫೈಲ್‌ಗಳಿಗೆ ಬೀಗ ಜಡಿದು ಒಂದು ಬಿಟ್‌ಕಾಯಿನ್ ಕೇಳುವಂತೆ ರೂಪಿತವಾಗಿತ್ತು. ಆಗ ಅದರ ಬೆಲೆ ಸುಮಾರು 400 ಡಾಲರ್. ಪಾಲೊ ಆಲ್ಟೊ ನೆಟ್‌ವರ್ಕ್ಸ್ ಸಂಸ್ಥೆಯ ಸಂಶೋಧಕರು ಇದನ್ನು ಪತ್ತೆಹಚ್ಚಿದ ಮೇಲೆ ಆಪಲ್ ಆ ಪ್ರಮಾಣಪತ್ರವನ್ನು ರದ್ದು ಮಾಡಿತು. ಸಹಿಯ ನಿಜವಾದ ಉಪಯೋಗ ಇಲ್ಲಿದೆ. ಒಂದು ಪ್ರಮಾಣಪತ್ರ ರದ್ದಾದರೆ ಅದರ ಸಹಿಯಿರುವ ಪ್ರತಿಗಳನ್ನು ಎಲ್ಲೆಡೆ ತಡೆಯಬಹುದು.

ಗುರುತನ್ನು ಅಂಟಿಸುವುದು ಫೈಲ್ ತಂದ ಆಪ್‌ನ ಕೆಲಸ ಎಂದೆವಲ್ಲ, ಇಡೀ ವ್ಯವಸ್ಥೆ ದುರ್ಬಲವಾಗುವುದೂ ಅಲ್ಲೇ. ಟರ್ಮಿನಲ್‌ನಲ್ಲಿ curl ಆದೇಶದಿಂದ ತರಿಸಿದ ಫೈಲ್‌ಗೆ ಗುರುತು ಬೀಳುವುದಿಲ್ಲ. ಎಂದೂ ಗುರುತು ಬೀಳದ ಫೈಲನ್ನು ಪೆನ್‌ಡ್ರೈವ್‌ನಲ್ಲಿ ತಂದರೂ ಅಷ್ಟೇ. ಗುರುತಿಲ್ಲದಿದ್ದರೆ ಮೊದಲ ಸಲ ತೆರೆಯುವಾಗಿನ ಆ ಬಿಗಿ ವಿಚಾರಣೆಯೂ ಇಲ್ಲ. 2022ರಲ್ಲಿ ಮೈಕ್ರೋಸಾಫ್ಟ್‌ನ ಸಂಶೋಧಕ ಜೊನಾಥನ್ ಬಾರ್ ಓರ್ ತೋರಿಸಿಕೊಟ್ಟ ‘ಅಕಿಲಿಸ್’ ದೋಷ ಇದೇ ಎಳೆಯದು. ಜಿಪ್ ಫೈಲ್‌ನೊಳಗೆ ‘ಈ ಆಪ್ ಮೇಲೆ ಯಾರೂ ಯಾವ ಟಿಪ್ಪಣಿಯನ್ನೂ ಬರೆಯಕೂಡದು’ ಎಂಬ ಅನುಮತಿ ನಿಯಮವನ್ನು ಸೇರಿಸಿಟ್ಟರೆ, ಬಿಚ್ಚುವಾಗ ಮ್ಯಾಕ್‌ಗೆ ಗುರುತು ಹಾಕಲು ಆಗುತ್ತಿರಲಿಲ್ಲ. ಗುರುತು ಕಾಣದ ಗೇಟ್‌ಕೀಪರ್ ಏನನ್ನೂ ಕೇಳದೆ ಬಿಟ್ಟುಬಿಡುತ್ತಿತ್ತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಬಂದ ವೆಂಚುರಾ ಆವೃತ್ತಿಯಲ್ಲಿ ಆಪಲ್ ಇದನ್ನು ಸರಿಪಡಿಸಿತು.

ಹಾಗಾದರೆ ತಡೆಗೆ ಸಿಕ್ಕಿದ ಆಪ್ ನಿಜಕ್ಕೂ ಬೇಕಾದದ್ದೇ ಆಗಿದ್ದರೆ ಏನು ಮಾಡಬೇಕು? ಮೊದಲು ಅದು ತಯಾರಕರು ಕೊಟ್ಟ ಪ್ರತಿಯೇ ಎಂದು ನೋಡಬೇಕು. ಅನೇಕರು ತಮ್ಮ ಫೈಲ್‌ನ 64 ಅಕ್ಷರಗಳ ಮೊತ್ತವನ್ನು ಪ್ರಕಟಿಸಿರುತ್ತಾರೆ. ಇಳಿಸಿಕೊಂಡ ಪ್ರತಿಯ ಮೊತ್ತವನ್ನು ತೆಗೆಯಲು ಈ ಆದೇಶ ಸಾಕು:

```
shasum -a 256 ~/Downloads/LibreWolf.dmg
```

ಕ್ವಾರಂಟೈನ್ ಗುರುತು ಫೈಲ್‌ನ ಒಳಗಿನ ವಿಷಯವನ್ನು ಮುಟ್ಟುವುದಿಲ್ಲವಾದ್ದರಿಂದ ಈ ಮೊತ್ತ ಬದಲಾಗದು. ಒಂದು ಅಕ್ಷರ ಹೊಂದದಿದ್ದರೂ ಆ ಫೈಲನ್ನು ಅಳಿಸಬೇಕು. ಹೊಂದಿದರೂ ಒಂದು ಎಚ್ಚರ ಬೇಕು. ಟ್ರಾನ್ಸ್‌ಮಿಷನ್ ಪ್ರಕರಣದಂತೆ ಜಾಲತಾಣವೇ ಬೇರೆಯವರ ಕೈಗೆ ಸಿಕ್ಕಿದ್ದರೆ ಅಲ್ಲಿ ಬರೆದ ಮೊತ್ತವನ್ನೂ ಅವರು ತಿದ್ದಿರಬಹುದು. ಮೊತ್ತ ಬೇರೊಂದು ಕಡೆಯೂ ಪ್ರಕಟವಾಗಿದ್ದರೆ ಅದರೊಂದಿಗೂ ಹೋಲಿಸುವುದು ಒಳ್ಳೆಯದು.

ಇದಾದ ಮೇಲೆ ತೆರೆಯುವ ದಾರಿ. ಹಿಂದೆ ಕಂಟ್ರೋಲ್ ಕೀಲಿ ಒತ್ತಿಕೊಂಡು ಕ್ಲಿಕ್ ಮಾಡಿ Open ಆರಿಸಿದರೆ ಸಾಕಿತ್ತು. 2024ರ ಸಿಕೋಯಾ ಆವೃತ್ತಿಯಲ್ಲಿ ಆಪಲ್ ಆ ಸುಲಭದ ದಾರಿಯನ್ನು ಮುಚ್ಚಿತು. ಈಗ ಆಪನ್ನು ಒಮ್ಮೆ ತೆರೆಯಲು ಯತ್ನಿಸಿ, ತಡೆಯ ಸಂದೇಶವನ್ನು Done ಒತ್ತಿ ಮುಚ್ಚಿ, System Settings ಒಳಗಿನ Privacy & Security ಪುಟದಲ್ಲಿ ಕೆಳಗೆ ಸರಿಯಬೇಕು. ಅಲ್ಲಿ ಆಪ್‌ನ ಹೆಸರಿನ ಜೊತೆ Open Anyway ಗುಂಡಿ ಇರುತ್ತದೆ. ತೆರೆಯಲು ಯತ್ನಿಸಿದ ಮೇಲೆ ಸುಮಾರು ಒಂದು ಗಂಟೆ ಮಾತ್ರ ಅದು ಕಾಣುತ್ತದೆ, ಒತ್ತಿದ ನಂತರ ಪಾಸ್‌ವರ್ಡ್ ಕೊಡಬೇಕು. ‘ಹಾಳಾಗಿದೆ’ ಎಂಬ ಸಂದೇಶ ಬಂದಾಗ ಈ ಗುಂಡಿ ಸಾಮಾನ್ಯವಾಗಿ ನೆರವಾಗುವುದಿಲ್ಲ. ಆಗ ಜನ ಮೊರೆಹೋಗುವುದು ಗುರುತನ್ನೇ ಕಿತ್ತುಹಾಕುವ ಆದೇಶಕ್ಕೆ:

```
xattr -dr com.apple.quarantine /Applications/LibreWolf.app
```

ಇದು ಆ ಒಂದು ಆಪ್‌ನ ಗುರುತನ್ನು ಮಾತ್ರ ತೆಗೆಯುತ್ತದೆ, ಗೇಟ್‌ಕೀಪರ್ ಉಳಿದೆಲ್ಲದಕ್ಕೂ ಕಾವಲಿರುತ್ತದೆ. ಗೇಟ್‌ಕೀಪರನ್ನೇ ಪೂರ್ತಿ ಆರಿಸಿಬಿಡಿ ಎಂದು ಕೆಲವರು ಸಲಹೆ ಕೊಡುವುದುಂಟು. ಒಂದು ಆಪ್‌ಗೋಸ್ಕರ ಮುಂದೆ ಬರುವ ಪ್ರತಿ ಡೌನ್‌ಲೋಡ್‌ಗೂ ಬಾಗಿಲು ತೆರೆದಿಡುವ ಆ ಸಲಹೆಯನ್ನು ಒಪ್ಪಬಾರದು.

ಸುಲಭದ ದಾರಿ ಮುಚ್ಚಿದ ಮೇಲೆ ಕಳ್ಳರೂ ದಾರಿ ಬದಲಿಸಿದ್ದಾರೆ. 2023ರಿಂದ ಹರಡುತ್ತಿರುವ ‘ಅಟಾಮಿಕ್ ಸ್ಟೀಲರ್’ ಮ್ಯಾಕ್‌ನಲ್ಲಿರುವ ಪಾಸ್‌ವರ್ಡ್, ಬ್ರೌಸರ್ ಕುಕಿ, ಕ್ರಿಪ್ಟೊ ವ್ಯಾಲೆಟ್‌ಗಳನ್ನು ದೋಚುತ್ತದೆ. ಮೊದಮೊದಲು ಅದರ ಡಿಎಂಜಿ ತೆರೆದರೆ ‘ಬಲ ಕ್ಲಿಕ್ ಮಾಡಿ Open ಒತ್ತಿ’ ಎಂಬ ಚಿತ್ರಸಹಿತ ಸೂಚನೆ ಕಾಣುತ್ತಿತ್ತು. ಈಗ ನಕಲಿ ಪುಟಗಳು ‘ನೀವು ಮನುಷ್ಯರೆಂದು ಸಾಬೀತುಪಡಿಸಲು ಈ ಸಾಲನ್ನು ಟರ್ಮಿನಲ್‌ಗೆ ಅಂಟಿಸಿ’ ಎನ್ನುತ್ತವೆ. ಆ ಸಾಲಿನೊಳಗೆ ಹೆಚ್ಚಾಗಿ ಅಡಗಿರುವುದು ಅದೇ curl. ಅದು ತಂದ ಫೈಲ್‌ಗೆ ಗುರುತಿಲ್ಲ, ಯಾವ ಎಚ್ಚರಿಕೆಯೂ ಬರುವುದಿಲ್ಲ. ಎಚ್ಚರಿಕೆಯ ಬದಲು ಬರುವುದು ಮ್ಯಾಕ್‌ನ ಪಾಸ್‌ವರ್ಡ್ ಕೇಳುವ ನಕಲಿ ಕಿಟಕಿ.

ಯಾವುದೇ ಜಾಲತಾಣಕ್ಕೆ ತನ್ನ ಓದುಗ ಮನುಷ್ಯನೇ ಎಂದು ತಿಳಿಯಲು ಟರ್ಮಿನಲ್ ಬೇಕಾಗಿಲ್ಲ. ಅಂಥ ಸಾಲನ್ನು ಅಂಟಿಸಿ ಪಾಸ್‌ವರ್ಡನ್ನೂ ಕೊಟ್ಟಾಗಿದ್ದರೆ, ಕೂಡಲೇ ಆ ಮ್ಯಾಕ್‌ನ ಅಂತರ್ಜಾಲ ಸಂಪರ್ಕ ಕಡಿದು, ಬೇರೊಂದು ಸಾಧನದಿಂದ ಇಮೇಲ್ ಮತ್ತು ಬ್ಯಾಂಕ್ ಖಾತೆಗಳ ಪಾಸ್‌ವರ್ಡ್ ಬದಲಿಸಬೇಕು. ಆ ಖಾತೆಗಳಲ್ಲಿ ಎಲ್ಲ ಸಾಧನಗಳಿಂದಲೂ ಲಾಗ್‌ಔಟ್ ಆಗುವ ಆಯ್ಕೆಯನ್ನು ಒತ್ತುವುದನ್ನು ಮರೆಯಬಾರದು, ಏಕೆಂದರೆ ಕದ್ದ ಕುಕಿ ಇದ್ದರೆ ಪಾಸ್‌ವರ್ಡ್ ಇಲ್ಲದೆಯೂ ಖಾತೆಯೊಳಗೆ ಹೋಗಬಹುದು.