ಮೂರು ಸ್ವಿಚ್, ಒಂದು ಮಾನಿಟರ್

ಬಾಶೆಟ್ಟಿಹಳ್ಳಿಯ ಬಾಡಿಗೆ ಮನೆಯೊಂದರಲ್ಲಿ, ಫ್ಯಾಕ್ಟರಿ ಶಿಫ್ಟ್ ಮುಗಿಸಿ ಬಂದವರು ಸೈಬರ್‌ಪಂಕ್ 2077 ಆಡಲು ಕೂರುತ್ತಾರೆ ಎಂದುಕೊಳ್ಳಿ. ಕಾರ್ಡು 8 ಜಿಬಿಯ ಆರ್‌ಟಿಎಕ್ಸ್ 4060, ಮಾನಿಟರ್ 1080ಪಿ, 60 ಹರ್ಟ್ಸ್. ಸೆಟ್ಟಿಂಗ್ಸ್‌ನಲ್ಲಿರುವ ರೇ ಟ್ರೇಸಿಂಗ್, ಅಪ್‌ಸ್ಕೇಲಿಂಗ್, ಫ್ರೇಮ್ ಜನರೇಶನ್ ಮೂರನ್ನೂ ಆನ್ ಮಾಡಬೇಕೇ?

ರೇ ಟ್ರೇಸಿಂಗ್ ಇಲ್ಲದಾಗ ಆಟಗಳು ಸಾಮಾನ್ಯವಾಗಿ ಪ್ರತಿಬಿಂಬವನ್ನು ಪರದೆಯಲ್ಲಿ ಆಗಲೇ ಇರುವ ಚಿತ್ರದಿಂದಲೇ ತೆಗೆದುಕೊಳ್ಳುತ್ತವೆ. ರಸ್ತೆಯ ನೀರಿನಲ್ಲಿ ಅಂಗಡಿಯ ದೀಪ ಹೊಳೆಯುತ್ತಿರುತ್ತದೆ. ನೋಟವನ್ನು ಕೆಳಗಿಳಿಸಿ ಅಂಗಡಿ ಪರದೆಯಿಂದಾಚೆ ಹೋದರೆ ನೀರಿನ ಹೊಳಪೂ ಮಾಯ. ರೇ ಟ್ರೇಸಿಂಗ್‌ನಲ್ಲಿ ಕಾರ್ಡು ಕಿರಣದ ಹಾದಿಯನ್ನೇ ಹಿಡಿದು ಹೋಗಿ ಅದು ಯಾವ ವಸ್ತುವಿಗೆ ತಾಗಿತೆಂದು ಲೆಕ್ಕ ಹಾಕುವುದರಿಂದ, ಪರದೆಯಲ್ಲಿಲ್ಲದ ಅಂಗಡಿಯೂ ನೀರಿನಲ್ಲಿ ಉಳಿಯುತ್ತದೆ. ಈ ಲೆಕ್ಕ ದುಬಾರಿ. ಗಾಜು, ನೀರು, ನಿಯಾನ್ ದೀಪಗಳೇ ತುಂಬಿರುವ ಈ ಆಟದಲ್ಲಿ ಆ ಬೆಲೆ ತೆರಬಹುದು. ವೇಗದ ಶೂಟಿಂಗ್ ಪಂದ್ಯದಲ್ಲಿ ನಾನಂತೂ ಆನ್ ಮಾಡುವುದಿಲ್ಲ.

ಆನ್ ಮಾಡಿದಾಗ ಸೆಕೆಂಡಿಗೆ 40 ಫ್ರೇಮ್ ಬಂತು ಎನ್ನಿ. ಒಂದೊಂದಕ್ಕೂ 25 ಮಿಲಿಸೆಕೆಂಡ್. 60 ಮುಟ್ಟಲು ಅದು ಸುಮಾರು 16.7ಕ್ಕೆ ಇಳಿಯಬೇಕು. ಇಲ್ಲಿ ಕೆಲಸಕ್ಕೆ ಬರುವುದು ಅಪ್‌ಸ್ಕೇಲಿಂಗ್. DLSSನ ಕ್ವಾಲಿಟಿ ಆಯ್ಕೆಯಲ್ಲಿ ಕಾರ್ಡು ಬಿಡಿಸುವುದು 1280×720ರ ಚಿತ್ರ, ಅಂದರೆ ಅರ್ಧಕ್ಕೂ ಕಡಿಮೆ ಪಿಕ್ಸೆಲ್. ಉಳಿದ ವಿವರವನ್ನು ಹಿಂದಿನ ಫ್ರೇಮ್‌ಗಳಿಂದ, ವಸ್ತುಗಳು ಎತ್ತ ಸರಿದವೆಂಬ ಮಾಹಿತಿಯ ಸಹಾಯದಿಂದ ಕಟ್ಟುತ್ತದೆ. ಅದಕ್ಕೇ ತಂತಿ ಬೇಲಿ, ಓಡುವ ಕಾರಿನ ಹಿಂಬದಿಯಂಥ ಕಡೆ ಮಸುಕು ನೆರಳು ಕಾಣಬಹುದು. 1080ಪಿಯಲ್ಲಿ ಕ್ವಾಲಿಟಿಗಿಂತ ಕೆಳಗೆ ಇಳಿಯದಿರುವುದು ಒಳ್ಳೆಯದು. ಇಳಿದರೆ ಕಟ್ಟಲು ಸಾಮಗ್ರಿಯೇ ಸಾಲದು. ಇಷ್ಟು ಮಾಡಿಯೂ ಫ್ರೇಮ್ ಏರದಿದ್ದರೆ ಕಾರ್ಡಿನ ಬಳಕೆ ಎಷ್ಟಿದೆ ನೋಡಿ. ಅದು ಶೇ. 60–70ರಲ್ಲೇ ನಿಂತಿದ್ದರೆ ತಡೆ ಬಹುಪಾಲು ಪ್ರೊಸೆಸರ್‌ನದು. ಅದನ್ನು ಅಪ್‌ಸ್ಕೇಲಿಂಗ್ ನೀಗಿಸಲಾರದು.

ಹೆಚ್ಚು ಗೊಂದಲ ಹುಟ್ಟಿಸುವುದು ಫ್ರೇಮ್ ಜನರೇಶನ್. ಎರಡು ನಿಜವಾದ ಫ್ರೇಮ್‌ಗಳ ನಡುವೆ ಕಾರ್ಡು ಒಂದು ಊಹೆಯ ಫ್ರೇಮ್ ಸೇರಿಸುತ್ತದೆ. ನಡುವಿನದನ್ನು ಊಹಿಸಲು ಮುಂದಿನದು ಕೈಯಲ್ಲಿರಬೇಕು. ಆದ್ದರಿಂದ ಸಿದ್ಧವಾದ ಹೊಸ ಫ್ರೇಮನ್ನು ತುಸು ತಡೆದಿಟ್ಟುಕೊಳ್ಳುತ್ತದೆ. ಮೌಸ್ ಚಲನೆಗೆ ಉತ್ತರ ಸಿಗುವುದು ನಿಜವಾದ ಫ್ರೇಮ್‌ಗಳಲ್ಲಿ ಮಾತ್ರ. ಹೀಗಾಗಿ 30 ಫ್ರೇಮ್ 60 ಆದಾಗ ಕಣ್ಣಿಗೆ ನಯ, ಕೈಗೆ ಭಾರ. ಜೊತೆಗೆ ಕಾರ್ಡಿನ ಮೆಮೊರಿಯನ್ನೂ ಅದು ತಿನ್ನುತ್ತದೆ. 8 ಜಿಬಿ ತುಂಬಿದರೆ ಆಟ ತಡವರಿಸುತ್ತದೆ.

ನಮ್ಮ 60 ಹರ್ಟ್ಸ್ ಮಾನಿಟರ್‌ನಲ್ಲಿ ಅದರಿಂದ ಲಾಭವಿಲ್ಲ. ವಿ-ಸಿಂಕ್ ಹಾಕಿ 60ಕ್ಕೆ ಕಟ್ಟಿದರೆ ನಿಜವಾದ ಫ್ರೇಮ್‌ಗಳು 30ಕ್ಕೇ ಇಳಿಯುತ್ತವೆ. ಮಾನಿಟರ್ 144 ಹರ್ಟ್ಸ್‌ನದಾಗಿದ್ದು, ಮೊದಲೇ 60ರ ಆಸುಪಾಸು ನಿಜವಾದ ಫ್ರೇಮ್ ಬರುತ್ತಿದ್ದರೆ ಧಾರಾಳವಾಗಿ ಆನ್ ಮಾಡಿ. ನಮ್ಮ ಈ 60 ಹರ್ಟ್ಸ್ ಮಾನಿಟರ್‌ಗೆ ಮಾತ್ರ ರೇ ಟ್ರೇಸಿಂಗ್‌ನಲ್ಲಿ ಪ್ರತಿಬಿಂಬವನ್ನಷ್ಟೇ ಇಟ್ಟುಕೊಂಡು, DLSS ಕ್ವಾಲಿಟಿ ಹಾಕಿ, ಫ್ರೇಮ್ ಜನರೇಶನ್ ಆಫ್ ಮಾಡಿ ಆಡುವುದು ಸರಿ.