ಕಾಶಿಯಲ್ಲಿ ‘ವಿಶ್ವನಾಥ ಮಂದಿರ’ ಒಂದೇ ಅಲ್ಲ: ಆಟೋ ಹತ್ತುವ ಮುನ್ನ ಇದು ಗೊತ್ತಿರಲಿ

ತಾಲ್ಲೂಕಿನಿಂದ ಕಾಶಿಗೆ ಹೋಗುವವರು ಹೆಚ್ಚಿದ್ದಾರೆ. ಭಾರತ್ ಗೌರವ್ ರೈಲು, ಸರ್ಕಾರದ ಸಹಾಯಧನ ಬಂದ ಮೇಲಂತೂ ಅಂಗಡಿ ಮಗನ ಕೈಗೆ ಕೊಟ್ಟು ಗಂಡ ಹೆಂಡತಿ ಹೊರಟೇ ಬಿಡ್ತಾರೆ. ತಂಡದ ಜೊತೆ ಹೋದವರಿಗೆ ತೊಂದರೆ ಇಲ್ಲ. ಸ್ವಂತವಾಗಿ ಹೋಗಿ, ಅರ್ಧ ದಿನ ಮಾತ್ರ ಕೈಯಲ್ಲಿ ಇಟ್ಟುಕೊಂಡವರು ಎಡವೋದು ಒಂದೇ ಕಡೆ. ಕಾಶಿಯಲ್ಲಿ ವಿಶ್ವನಾಥನ ಹೆಸರಿನ ಮಂದಿರ ಒಂದಕ್ಕಿಂತ ಹೆಚ್ಚಿವೆ. ಜ್ಯೋತಿರ್ಲಿಂಗ ಇರುವುದು ಒಂದರಲ್ಲಿ ಮಾತ್ರ.

ಒಂದು ಉದಾಹರಣೆ ತಗೊಳ್ಳಿ. ಹಿರಿಯ ದಂಪತಿ ವಾರಾಣಸಿ ಜಂಕ್ಷನ್‌ನಲ್ಲಿ ಇಳೀತಾರೆ. ಅಲ್ಲಿನವರು ಇದನ್ನು ‘ಕ್ಯಾಂಟ್’ ಅಂತಾರೆ. ಊರಲ್ಲಿ ಹೋಗಿ ಬಂದವರು “ಈಗ ಎಲ್ಲಾ ಹೊಸದಾಗಿ ಕಟ್ಟಿದ್ದಾರೆ” ಅಂದಿದ್ದು ನೆನಪಿದೆ. ಆಟೋದವನಿಗೆ “ನಯಾ ವಿಶ್ವನಾಥ್ ಮಂದಿರ್” ಅಂತಾರೆ. ಅವನು “ಬಿ.ಎಚ್.ಯು?” ಅಂತ ಕೇಳಿದರೆ ಇವರು ತಲೆಯಾಡಿಸ್ತಾರೆ. ಅಲ್ಲಿಗೆ ದಾರಿ ತಪ್ಪಿತು. ಆಟೋದವನ ತಪ್ಪೇನಿಲ್ಲ. ಕಾಶಿಯ ಜನರ ಬಾಯಲ್ಲಿ ‘ನಯಾ ವಿಶ್ವನಾಥ್ ಮಂದಿರ್’ ಅಂದರೆ ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಒಳಗಿರುವ ಮಂದಿರ. ಊರಿನವರು ಹೇಳಿದ್ದ ‘ಹೊಸದು’ 2021ರ ಡಿಸೆಂಬರ್‌ನಲ್ಲಿ ಉದ್ಘಾಟನೆಯಾದ ಕಾರಿಡಾರ್. ಅದು ಹಳೇ ಮಂದಿರದ ಸುತ್ತ ಕಟ್ಟಿದ ವಿಶಾಲ ಅಂಗಳ. ಮಂದಿರ ಹಳೆಯದೇ.

ಹಾಗಾಗಿ ಆಟೋದಲ್ಲಿ ‘ಹೊಸದು’ ಅನ್ನುವ ಮಾತೇ ಬೇಡ. “ಕಾಶಿ ವಿಶ್ವನಾಥ್, ಗೋದೌಲಿಯಾ” ಅನ್ನಿ. ಗೋದೌಲಿಯಾ ಅಂದರೆ ಹಳೇ ಊರಿನ ದೊಡ್ಡ ಚೌಕ. ದಶಾಶ್ವಮೇಧ ಘಾಟ್‌ಗೆ ಹೋಗುವ ದಾರಿಯೂ ಅದೇ. ಸಾಮಾನ್ಯವಾಗಿ ವಾಹನಗಳು ಅಲ್ಲಿಗೇ ನಿಲ್ಲುತ್ತವೆ, ಮುಂದೆ ನಡಿಗೆ. ಜಂಗಮವಾಡಿ ಮಠದಲ್ಲಿ ಉಳಿದವರಿಗಂತೂ ಆಟೋನೇ ಬೇಕಿಲ್ಲ, ಗೋದೌಲಿಯಾ ಅಲ್ಲಿಂದ ಹತ್ತಿರವೇ.

ಆಟೋ ಹತ್ತಿಯಾಗಿದ್ದರೆ ಕಿಟಕಿಯಿಂದಲೇ ಗೊತ್ತಾಗುತ್ತೆ. ಜ್ಯೋತಿರ್ಲಿಂಗದ ಕಡೆ ಹೋದಂತೆ ರಸ್ತೆ ಕಿರಿದಾಗುತ್ತೆ, ಜನ ಹೆಚ್ಚಾಗ್ತಾರೆ, ಪೊಲೀಸ್ ಬ್ಯಾರಿಕೇಡ್ ಬರುತ್ತೆ. ಅದರ ಬದಲು ಲಂಕಾ ಎಂಬ ಬಡಾವಣೆ ದಾಟಿ (ಹೌದು, ಹೆಸರು ಲಂಕಾನೇ), ದೊಡ್ಡ ಕಮಾನಿನ ಒಳಗೆ ನುಗ್ಗಿ, ಎರಡೂ ಬದಿ ಮರಗಳಿರುವ ಅಗಲ ರಸ್ತೆ ಕಂಡರೆ ನೀವು ವಿಶ್ವವಿದ್ಯಾಲಯದಲ್ಲಿದ್ದೀರಿ. ಅಲ್ಲೇ ಆಟೋ ನಿಲ್ಲಿಸಿ, ಗೋದೌಲಿಯಾಕ್ಕೆ ಎಷ್ಟು ಅಂತ ಮಾತಾಡಿ.

ಮಂದಿರದ ಎದುರು ನಿಂತ ಮೇಲೂ ಗುರುತು ಸುಲಭ. 1780ರಲ್ಲಿ ಅಹಿಲ್ಯಾಬಾಯಿ ಹೋಳ್ಕರ್ ಕಟ್ಟಿಸಿದ ಜ್ಯೋತಿರ್ಲಿಂಗ ಮಂದಿರ ಗಾತ್ರದಲ್ಲಿ ದೊಡ್ಡದಲ್ಲ. ನೆತ್ತಿಯ ಮೇಲೆ ಚಿನ್ನದ ಹೊದಿಕೆ ಇದೆ, ಆ ಚಿನ್ನ ಕೊಟ್ಟವರು ಪಂಜಾಬಿನ ಮಹಾರಾಜ ರಣಜಿತ್ ಸಿಂಗ್. ಒಳಗೆ ಬೆಳ್ಳಿ ಕಟ್ಟೆಯ ನಡುವೆ ಚಿಕ್ಕ ಕಪ್ಪು ಲಿಂಗ. ಮೊಬೈಲ್ ಒಳಗೆ ಬಿಡೋದಿಲ್ಲ. ವಿಶ್ವವಿದ್ಯಾಲಯದ್ದು ಇದಕ್ಕೆ ತದ್ವಿರುದ್ಧ: ಬಹಳ ಎತ್ತರದ ಬಿಳಿ ಶಿಖರ, ಸುತ್ತ ತೋಟ, ಗೋಡೆಯ ಅಮೃತಶಿಲೆ ಮೇಲೆ ಗೀತೆಯ ಶ್ಲೋಕಗಳು. ಕೆಳಗೆ ಶಿವ, ಮೇಲಂತಸ್ತಿನಲ್ಲಿ ಲಕ್ಷ್ಮೀನಾರಾಯಣ ಮತ್ತು ದುರ್ಗೆ. ಮದನಮೋಹನ ಮಾಳವೀಯರ ಕನಸು, ಬಿರ್ಲಾ ಕುಟುಂಬದ ಹಣ. 1931ರಲ್ಲಿ ಅಡಿಗಲ್ಲು ಬಿದ್ದು 1966ರಲ್ಲಿ ಮುಗಿಯಿತು. ನೋಡಲೇಬೇಕಾದ ಜಾಗವೇ, ಆದರೆ ಸಂಜೆ ರೈಲು ಇರುವವರು ಮೊದಲು ಹೋಗಬೇಕಾದದ್ದು ಅಲ್ಲಿಗಲ್ಲ.

ಇನ್ನೊಂದು ವಿಶ್ವನಾಥ ಗಂಗೆಯ ಪಕ್ಕ ಮೀರ್ ಘಾಟ್‌ನಲ್ಲಿದೆ. ಇದರ ಕಥೆ ಬೇರೆ. 1950ರ ದಶಕದಲ್ಲಿ ಹಳೇ ಮಂದಿರದೊಳಗೆ ದಲಿತರಿಗೆ ಪ್ರವೇಶ ಸಿಕ್ಕಾಗ ಅದನ್ನು ಒಪ್ಪದ ಕರಪಾತ್ರಿ ಸ್ವಾಮಿ ಬೇರೆ ಲಿಂಗ ಸ್ಥಾಪಿಸಿದರು. ವಿಶಾಲಾಕ್ಷಿ ದರ್ಶನಕ್ಕೆ ಹೋಗುವವರು ಇದೇ ಓಣಿಗಳಲ್ಲಿ ಓಡಾಡುವುದರಿಂದ, ಫಲಕ ನೋಡಿ ಇದೇ ಇರಬೇಕು ಅಂದುಕೊಳ್ಳೋದು ಸಹಜ. ಉದ್ದ ಸರತಿ, ತಪಾಸಣೆ, ಚಿನ್ನದ ಶಿಖರ ಯಾವುದೂ ಕಾಣದಿದ್ದರೆ ಅದು ಜ್ಯೋತಿರ್ಲಿಂಗವಲ್ಲ ಅಂತ ತಿಳೀರಿ.

ಗೋದೌಲಿಯಾದಿಂದ ಮುಂದೆ “ಗೇಟ್ ನಂಬರ್ ಚಾರ್” ಎಂದು ಕೇಳಿದರೆ ಯಾರಾದರೂ ತೋರಿಸ್ತಾರೆ. ದಾರಿಯಲ್ಲಿ “ಚಪ್ಪಲಿ, ಮೊಬೈಲ್ ಇಲ್ಲಿಡಿ” ಅಂತ ಕರೆಯುವ ಹೂವಿನ ಅಂಗಡಿಯವರು ಪೂಜಾ ಬುಟ್ಟಿ ಕೈಗಿಡ್ತಾರೆ. ಬುಟ್ಟಿ ಬೆಲೆ ಮೊದಲೇ ಕೇಳಿ, ವಾಪಸ್ ಬರುವಾಗ ಜಗಳ ಬೇಡ. ಮೊಬೈಲನ್ನು ಉಳಿದ ಕೋಣೆಯಲ್ಲೇ ಬಿಟ್ಟು ಬಂದವರಿಗೆ ಆ ತಾಪತ್ರಯವೂ ಇಲ್ಲ. ಆದರೆ ಕೋಣೆಯ ವಿಳಾಸವನ್ನು ಹಿಂದಿಯಲ್ಲಿ ಬರೆಸಿದ ಚೀಟಿ ಜೇಬಿನಲ್ಲಿರಲಿ.